ತೋಟದ ದಾರಿಗೆ ಯಾವ ದೀಪ?

ಊರಾಚೆಯ ತೋಟದ ದಾರಿಗೆ ಸೋಲಾರ್ ದೀಪವೇ ಆಗಲಿ ಎಂದು ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಪಿಡಿಒಗೆ ಪತ್ರ ಬರೆದಿದ್ದಾರೆ. ಅವರ ಲೆಕ್ಕ ನೋಡಿ: 20 ವ್ಯಾಟ್‌ನ ಎಲ್‌ಇಡಿ ರಾತ್ರಿಗೆ 12 ಗಂಟೆ ಉರಿದರೆ ವರ್ಷಕ್ಕೆ ಸುಮಾರು 88 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಬಿಲ್ಲು 616 ರೂಪಾಯಿ ದಾಟದು. ಇಷ್ಟು ಉಳಿಸಲು ಸೋಲಾರ್ ಯಾಕೆ? ಖರ್ಚಿರುವುದು ಕರೆಂಟಿನಲ್ಲಲ್ಲ, ಅಲ್ಲಿಯವರೆಗೆ ಕಂಬ ನೆಟ್ಟು ತಂತಿ ಎಳೆಯುವುದರಲ್ಲಿ. ತಂತಿ ಈಗಾಗಲೇ ಇರುವ ಬೀದಿಗೆ ಈ ವಾದ ನಿಲ್ಲದು. ಪತ್ರವೂ ಅದನ್ನು ಕೇಳಿಲ್ಲ.

ನಿರ್ವಹಣೆಯ ಭಾಗವೇ ನನಗೆ ಹೆಚ್ಚು ಹಿಡಿಸಿತು. ಪ್ಯಾನೆಲ್ ಮೇಲೆ ಧೂಳು ಕೂತರೆ, ಮರದ ನೆರಳು ಬಿದ್ದರೆ ಬ್ಯಾಟರಿ ತುಂಬುವುದಿಲ್ಲ. ಸಂಜೆ ಹೊತ್ತಿದ ದೀಪ ನಡುರಾತ್ರಿಗೇ ಆರುತ್ತದೆ. ಒರೆಸಿದ ಮೇಲೂ, ಒಳ್ಳೆ ಬಿಸಿಲಿದ್ದೂ ಹಾಗೇ ಆದರೆ ಬ್ಯಾಟರಿಯನ್ನೇ ಅನುಮಾನಿಸಬೇಕು. ಹಾಗಾಗಿ ಟೆಂಡರಿನಲ್ಲೇ 5 ವರ್ಷದ ನಿರ್ವಹಣೆ ಸೇರಿಸಿ, ಬ್ಯಾಟರಿ ಬದಲಿಸುವ ಹಣ ಬೇರೆ ತೆಗೆದಿಡಿ ಎನ್ನುತ್ತಾರೆ.