ಬುಕ್ ಮಾಡುವುದು ಹಣ್ಣು, ಬರುವುದು ಕಾಯಿ

ರಾಮನಗರದ ಕಡೆಯ ನಮ್ಮ ತೋಟದಲ್ಲಿ ಬಾದಾಮಿ ಬಲಿಯುತ್ತಿದೆ. ಮೇ ತಿಂಗಳ ಪೆಟ್ಟಿಗೆಗಳಿಗೆ ಈಗಲೇ ಹೆಸರು ಬರೆದುಕೊಳ್ಳುತ್ತಿದ್ದೇವೆ. ಮುಂಗಡ ಕೊಡುವ ಮುಂಚೆ ಒಂದು ಮಾತು: ನಿಮ್ಮ ಮನೆಗೆ ಬರುವುದು ಹಳದಿ ಹಣ್ಣಲ್ಲ, ಗಟ್ಟಿಯಾದ ಹಸಿರು ಕಾಯಿ.

ಮರದಲ್ಲೇ ಹಣ್ಣಾದದ್ದು ಪೆಟ್ಟಿಗೆಯ ಪ್ರಯಾಣ ತಾಳುವುದಿಲ್ಲ, ಜಜ್ಜಿಹೋಗುತ್ತದೆ. ಎಳೆಗಾಯಿ ಕಿತ್ತರೆ ಸಿಪ್ಪೆ ಸುಕ್ಕಾಗುತ್ತದೆ, ಹುಳಿ ಹೋಗುವುದಿಲ್ಲ. ಹಾಗಾಗಿ ಬಲಿತದ್ದನ್ನು ಮಾತ್ರ ಕೀಳಬೇಕು. ಬಲಿತ ಕಾಯಿಯಲ್ಲಿ ತೊಟ್ಟಿನ ಅಕ್ಕಪಕ್ಕದ ಭುಜ ಉಬ್ಬಿ, ತೊಟ್ಟು ಸಣ್ಣ ಕುಳಿಯಲ್ಲಿ ಕೂತಂತೆ ಕಾಣುತ್ತದೆ. ಅನುಮಾನ ಬಂದರೆ ಬಕೆಟ್ ನೀರಿಗೆ ಹಾಕುತ್ತೇವೆ. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ.

ಸೋಮವಾರ ಬೆಳಗ್ಗೆ ಕಿತ್ತ ಕಾಯಿಯ ಕಥೆ ಹೀಗೆ ಸಾಗುತ್ತದೆ. ಬಲೆ ಕಟ್ಟಿದ ದೋಟಿಯಿಂದ ತೊಟ್ಟಿನ ಸಮೇತ ಇಳಿಸುತ್ತೇವೆ. ತೊಟ್ಟು ಕತ್ತರಿಸಿ, ಕಾಯಿಯನ್ನು ಬೋರಲು ಇಟ್ಟು ಸೊನೆ ಬಸಿಯುತ್ತೇವೆ. ಸೊನೆ ಸಿಪ್ಪೆಗೆ ತಗುಲಿದರೆ ಸುಟ್ಟಂತೆ ಕಪ್ಪು ಗೆರೆ ಮೂಡುತ್ತದೆ, ಅಲ್ಲೇ ಕೊಳೆ ಶುರುವಾಗುತ್ತದೆ. ಸಂಜೆ ಒರೆಸಿ, ಗಾಳಿಕಿಂಡಿಯಿರುವ 3 ಕೆ.ಜಿ. ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಜೋಡಿಸುತ್ತೇವೆ. 250 ಗ್ರಾಂ ತೂಗುವ ಬಾದಾಮಿಯಾದರೆ ಸುಮಾರು 12 ಹಿಡಿಯುತ್ತವೆ. ಮಂಗಳವಾರ ಬೆಂಗಳೂರಿನ ಮನೆಗಳಿಗೆ ತಲುಪಿಸುತ್ತೇವೆ. ಮುಂಗಡ ಕೇಳುವುದಕ್ಕೆ ಕಾರಣವೂ ಇದೇ: ಎಷ್ಟು ಪೆಟ್ಟಿಗೆ ಬೇಕೆಂದು ಗೊತ್ತಿದ್ದರೆ ಅಷ್ಟನ್ನೇ ಕೀಳಬಹುದು, ಉಳಿದದ್ದು ಮರದಲ್ಲೇ ಬಲಿಯುತ್ತದೆ.

ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ತಕ್ಷಣ ತೆರೆಯಿರಿ. ಕಾಯಿಗಳನ್ನು ನೆರಳಲ್ಲಿ ಹುಲ್ಲು ಇಲ್ಲವೇ ಕಾಗದದ ಮೇಲೆ ಒಂದೇ ಪದರದಲ್ಲಿ ಹರಡಿ. ಸುಮಾರು ಒಂದು ವಾರದಲ್ಲಿ ಹಣ್ಣಾಗುತ್ತವೆ, ಎಲ್ಲವೂ ಒಂದೇ ದಿನ ಅಲ್ಲ. ತೊಟ್ಟಿನ ಬಳಿ ಘಮ ಬಂದು, ಮೆಲ್ಲಗೆ ಒತ್ತಿದರೆ ಮೆತ್ತಗಿದ್ದರೆ ಆಯಿತು. ಅದಕ್ಕೂ ಮುಂಚೆ ಫ್ರಿಜ್ಜಿಗೆ ಇಡಬೇಡಿ. ತಂಡಿಗೆ ಸಿಕ್ಕ ಕಾಯಿ ಆಮೇಲೆ ಸರಿಯಾಗಿ ಹಣ್ಣಾಗದು. ಬೇಗ ಹಳದಿಯಾಗಲಿ ಎಂದು ಕಾರ್ಬೈಡ್ ಹಾಕುವುದನ್ನು ಕಾನೂನು ನಿಷೇಧಿಸಿದೆ. ಅಂಥ ಹಣ್ಣಿನ ಸಿಪ್ಪೆ ಹಳದಿಯಾದರೂ ಒಳಗೆ ಹುಳಿಯೇ ಉಳಿದಿರಬಹುದು.

ತಳಿಯನ್ನು ಬಳಕೆ ನೋಡಿ ಆರಿಸಿ. ಹೋಳು ಮಾಡಿ ತಿನ್ನಲು ಬಾದಾಮಿ. ಸೀಕರಣೆಗೆ ರಸಪುರಿ, ಆದರೆ ಅದರ ಸಿಪ್ಪೆ ತೆಳು, ಬೇಗ ಮೆತ್ತಗಾಗುತ್ತದೆ, ಆದ್ದರಿಂದ ದೂರದ ಊರಿಗೆ ಕಳಿಸುವುದಿಲ್ಲ. ನೀಲಂ ಮತ್ತು ದಶೇರಿಯ ಸಂಕರದಿಂದ ಬಂದ ಮಲ್ಲಿಕಾ ಜೂನ್‌ನಲ್ಲಿ ಸಿಗುತ್ತದೆ.

ಬಾದಾಮಿಯಲ್ಲಿ ಒಂದು ದೋಷವನ್ನು ನಾವೂ ಹೊರಗಿನಿಂದ ಪತ್ತೆ ಮಾಡಲಾರೆವು. ಚೆನ್ನಾಗಿ ಕಾಣುವ ಹಣ್ಣನ್ನು ಕೊಯ್ದಾಗ ಓಟೆಯ ಸುತ್ತ ತಿರುಳು ಬಿಳುಚಿ ಸ್ಪಂಜಿನಂತಾಗಿರುತ್ತದೆ. ಅಂಥದ್ದು ಸಿಕ್ಕರೆ ಕೊಯ್ದ ಹೋಳಿನ ಫೋಟೊ ಕಳಿಸಿ. ಮುಂದಿನ ಕಟಾವಿನಲ್ಲಿ ಅದರ ಬದಲಿಗೆ ಬೇರೆ ಹಣ್ಣು ಕೊಡುತ್ತೇವೆ.