ಆ ವಾರದ ಅರ್ಧ ಮುದ್ದೆ

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಹುಡುಗಿಯರು ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ ಬೆಳಕು ಹರಿಯುವ ಮೊದಲೇ ಮೈದಾನಕ್ಕೆ ಇಳಿಯುತ್ತಾರೆ. 400 ಮೀಟರ್ ಓಟವನ್ನು ಎರಡು ನಿಮಿಷದೊಳಗೆ ಮುಗಿಸಬೇಕು. ತೂಕ ಏರಬಾರದೆಂಬ ಭಯ ಹಲವರಿಗೆ. ಆ ಭಯ ಕೆಡಿಸುವುದು ಮುಟ್ಟಿಗೆ ಮೊದಲಿನ ವಾರವನ್ನು.

ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಈಸ್ಟ್ರೋಜನ್ ಏರಿರುತ್ತದೆ, ಹಸಿವು ತಗ್ಗಿರುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಮೈ ಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚಿ, ಸುಮ್ಮನೆ ಕೂತಾಗಲೂ ದೇಹ ತುಸು ಹೆಚ್ಚು ಖರ್ಚು ಮಾಡುತ್ತದೆ. ಅಧ್ಯಯನಗಳಲ್ಲಿ ಆ ದಿನಗಳ ಊಟ ಸರಾಸರಿ ದಿನಕ್ಕೆ ನೂರೈವತ್ತು ಕ್ಯಾಲೊರಿಯ ಆಸುಪಾಸಿನಲ್ಲಿ ಹೆಚ್ಚುತ್ತದೆ. ನಮ್ಮ ಲೆಕ್ಕದಲ್ಲಿ ಅದು ಅರ್ಧ ಮುದ್ದೆ: ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಮುನ್ನೂರು ಚಿಲ್ಲರೆ ಕ್ಯಾಲೊರಿ ಇರುತ್ತದೆ. ಇದು ಸರಾಸರಿ ಮಾತ್ರ; ಕೆಲವರಿಗೆ ವ್ಯತ್ಯಾಸವೇ ತಿಳಿಯದು.

ಐವತ್ತೈದು ಕಿಲೋ ತೂಗುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಮುಟ್ಟಿಗೆ ನಾಲ್ಕು ದಿನ ಮೊದಲು ತಕ್ಕಡಿ ಐವತ್ತಾರು ತೋರಿಸುತ್ತದೆ. ಏರಿದ್ದು ಬಹುತೇಕ ನೀರು, ಮುಟ್ಟು ಶುರುವಾದ ಮೇಲೆ ಇಳಿದುಹೋಗುತ್ತದೆ. ಆಕೆಗೆ ಅದು ಕೊಬ್ಬಾಗಿ ಕಾಣುತ್ತದೆ. ರಾತ್ರಿ ಮುದ್ದೆ ಬಿಡುತ್ತಾಳೆ. ಮರುದಿನ ಓಟದಲ್ಲಿ ಕಾಲು ಭಾರ, ಸಂಜೆ ಬೇಕರಿ ಮುಂದೆ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಖಾಲಿ. ಬಿಟ್ಟದ್ದಕ್ಕಿಂತ ತಿಂದದ್ದೇ ಹೆಚ್ಚು. ಬಾಯಿಚಪಲ ಎಂದು ಮನೆಯವರು ಬೈಯುತ್ತಾರೆ, ಪಾಪ, ಅವಳೂ ನಂಬುತ್ತಾಳೆ.

ಮಾಡಬೇಕಾದ್ದು ಕಷ್ಟದ್ದಲ್ಲ. ಆ ವಾರ ಉಪ್ಸಾರಿನ ಜೊತೆ ಅರ್ಧ ಮುದ್ದೆ ಹೆಚ್ಚು ಉಣ್ಣಲಿ. ಇಲ್ಲವೇ ಓಡಿ ಬಂದ ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ ತಿನ್ನಲಿ. ಅದೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ. ಉಪ್ಸಾರಿನ ಕಾಳು, ಸೊಪ್ಪಿನಲ್ಲಿ ಕಬ್ಬಿಣದ ಅಂಶವೂ ಇದೆ, ಆದರೆ ಊಟದ ಜೊತೆಗೇ ಟೀ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಟೀ ಒಂದು ಗಂಟೆ ತಡವಾಗಲಿ, ತಟ್ಟೆಗೆ ನಿಂಬೆಹಣ್ಣು ಹಿಂಡಿಕೊಳ್ಳಲಿ.

ಶಕ್ತಿಯ ಮಾತು ಬೇರೆ. ಹೆಚ್ಚಿನವರ ಓಟದಲ್ಲಿ ಮುಟ್ಟಿನಿಂದಾಗುವ ವ್ಯತ್ಯಾಸ ಬಲು ಸಣ್ಣದು. ಆದರೆ ಸಣ್ಣದೂ ಕೆಲವೊಮ್ಮೆ ಲೆಕ್ಕಕ್ಕೆ ಬರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು 199 ಕಿಲೋ ಎತ್ತಿ ಒಂದೇ ಕಿಲೋದಿಂದ ಕಂಚು ಕಳೆದುಕೊಂಡರು. ಅಂದು ಮುಟ್ಟಿನ ಮೂರನೇ ದಿನ, ನಿಶ್ಶಕ್ತಿಯಿತ್ತು ಎಂದು ಅವರೇ ಹೇಳಿದರು. ಮುಟ್ಟಾದ ದಿನ, ಹಸಿವು, ಓಟದ ಸಮಯ ಮೂರನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ, ಮೂರ್ನಾಲ್ಕು ತಿಂಗಳಲ್ಲಿ ತನ್ನ ದೇಹದ ಲಯ ತನಗೇ ಗೊತ್ತಾಗುತ್ತದೆ.

ಆ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಟ್ಟಿನ ಗುರುತೇ ಬೀಳದಿದ್ದರೆ ‘ಚೆನ್ನಾಗಿ ಕಸರತ್ತು ಮಾಡ್ತಿದ್ದೀನಿ, ಅದಕ್ಕೇ’ ಎಂದುಕೊಳ್ಳಬಾರದು. ಉಣ್ಣುವುದು ಸಾಲದಾದಾಗ ದೇಹ ಮೊದಲು ನಿಲ್ಲಿಸುವ ಖರ್ಚುಗಳಲ್ಲಿ ಮುಟ್ಟೂ ಒಂದು. ಮುಂದೆ ಮೂಳೆ ಸವೆದು ಮೊಣಕಾಲ ಕೆಳಗೆ ಬಿರುಕು ಬಿಡಬಹುದು. ತಾಲ್ಲೂಕು ಆಸ್ಪತ್ರೆಗೆ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯ ಜೊತೆಗೆ, ದಿನಕ್ಕೆ ಎಷ್ಟು ಓಡುತ್ತೇನೆ, ಏನು ಉಣ್ಣುತ್ತೇನೆ ಎಂಬುದನ್ನೂ ವೈದ್ಯರಿಗೆ ತಾನಾಗಿಯೇ ಹೇಳಬೇಕು.