ಬೇಗ ಬರಿದಾಗುವ ಬ್ಯಾಟರಿ

ಬೈಲಹೊಂಗಲದ ನಮ್ಮ ಮನೆಯ ಇನ್ವರ್ಟರಿನ ಬ್ಯಾಟರಿಗೆ ನಾಲ್ಕು ವರ್ಷ ತುಂಬಿತ್ತು. 150 ಆಂಪಿಯರ್-ಅವರ್ ಸಾಮರ್ಥ್ಯದ್ದು. ಹೊಸತರಲ್ಲಿ ಮೂರು ಫ್ಯಾನು, ಎರಡು ಟ್ಯೂಬ್‌ಲೈಟುಗಳನ್ನು ನಾಲ್ಕು ಗಂಟೆ ನಡೆಸುತ್ತಿತ್ತು. ಕಳೆದ ಬೇಸಿಗೆಯಲ್ಲಿ ಮುಕ್ಕಾಲು ಗಂಟೆಗೇ ಕೀರಲಾರಂಭಿಸಿತು. ಮರಳಿ ತುಂಬಲು ಇಡೀ ದಿನವೂ ಸಾಲದಾಯಿತು. ಉಬ್ಬಸದ ನನ್ನ ಮಡದಿಗೆ ರಾತ್ರಿ ಫ್ಯಾನಿಲ್ಲದೆ ಕಣ್ಣು ಮುಚ್ಚುವುದಿಲ್ಲ. ಅಂಗಡಿಯ ಹುಡುಗನೊಬ್ಬ ಬಂದು, ಮುಚ್ಚಳವನ್ನೂ ತೆರೆಯದೆ, "ಬ್ಯಾಟರಿ ಹೋಗೇತ್ರೀ ಸರ, ಹೊಸಾದು ಹಾಕಸ್ರಿ" ಎಂದ. ನಿವೃತ್ತಿವೇತನದವನಿಗೆ ಅದು ಸಣ್ಣ ಮಾತಲ್ಲ.

ಸವದತ್ತಿಯಲ್ಲಿ ಬ್ಯಾಟರಿ ದುರಸ್ತಿಯ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ಹೇಳಿಕಳುಹಿಸಿದೆ. ಆತ ಬಂದವನು ಬ್ಯಾಟರಿಯ ಕಡೆ ನೋಡಲೇ ಇಲ್ಲ. ಮನೆಯನ್ನೆಲ್ಲ ಸುತ್ತಿ, ಕರೆಂಟು ಹೋದಾಗ ಏನೇನು ಉರಿಯುತ್ತದೆ, ಏನೇನು ತಿರುಗುತ್ತದೆ ಎಂದು ಲೆಕ್ಕ ಹಾಕಿದ. ಮಾಳಿಗೆಯ ಕೋಣೆ ಕಟ್ಟಿಸಿದಾಗ ಅಲ್ಲಿನ ಪ್ಲಗ್ಗುಗಳನ್ನೂ ಇನ್ವರ್ಟರಿನ ತಂತಿಗೇ ಜೋಡಿಸಲಾಗಿತ್ತು. ಮೊಮ್ಮಗನ ಕಂಪ್ಯೂಟರು, ಒಂದು ಏರ್‌ಕೂಲರು ಎಲ್ಲ ಸೇರಿ 300 ವ್ಯಾಟಿನ ಹೊರೆ 600 ಆಗಿತ್ತು. ಅಂದರೆ ಬ್ಯಾಟರಿಯಿಂದ ಹೊರಡುವ ಪ್ರವಾಹ ಸುಮಾರು 30 ಆಂಪಿಯರಿನಿಂದ 60ಕ್ಕೆ ಏರಿತ್ತು. ಹೊರೆ ಇಮ್ಮಡಿಯಾದರೆ ಕಾಲ ಅರ್ಧವಾದೀತೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಅವಸರದಲ್ಲಿ ಎಳೆದಾಗ ಫಲಕದ ಒಳಪದರಗಳವರೆಗೆ ಆಮ್ಲ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. 1897ರಲ್ಲಿಯೇ ಜರ್ಮನಿಯ ಪಾಯ್ಕರ್ಟ್ ಎಂಬ ವಿಜ್ಞಾನಿ ಇದನ್ನು ಸೂತ್ರಕ್ಕೆ ಇಳಿಸಿದ್ದ.

ಆದರೆ ಹೊರೆಯೊಂದೇ ನಾಲ್ಕು ಗಂಟೆಯನ್ನು ಮುಕ್ಕಾಲು ಗಂಟೆಗೆ ಇಳಿಸಲಾರದು. ಇನ್ನು ಮುಚ್ಚಳಗಳ ಸರದಿ. ಆರು ಕೋಶಗಳಲ್ಲಿ ಎರಡರಲ್ಲಿ ಫಲಕಗಳ ನೆತ್ತಿ ಹೊರಗೆ ಕಾಣುತ್ತಿತ್ತು. ಬೇಸಿಗೆಯ ಕಾವಿಗೂ ಚಾರ್ಜಿಂಗಿನ ಕುದಿತಕ್ಕೂ ನೀರು ಆರುತ್ತದೆ, ಆಮ್ಲ ಉಳಿಯುತ್ತದೆ. ಹೊರಬಿದ್ದ ಭಾಗ ಕೆಲಸಕ್ಕೆ ಬಾರದು, ಒಣಗಿ ಕೆಡುತ್ತದೆ. ಆದ್ದರಿಂದ ಬಟ್ಟಿ ಇಳಿಸಿದ ನೀರನ್ನಷ್ಟೇ ಸೇರಿಸಬೇಕು, ಆಮ್ಲವನ್ನಲ್ಲ. ಕಿತ್ತೂರಿನ ನಮ್ಮ ಬೀಗರು ಕೊಳವೆಬಾವಿಯ ನೀರು ಸುರಿದು, ಅದರಲ್ಲಿನ ಲವಣಗಳಿಂದ ಹೊಸ ಬ್ಯಾಟರಿಯೊಂದನ್ನು ಕಳೆದುಕೊಂಡರು. ಅವರ ಮುಂದೆ ಈಗ ಆ ಮಾತೆತ್ತುವಂತಿಲ್ಲ!

ನೀರು ಹಾಕಿ ಒಂದು ರಾತ್ರಿ ಚಾರ್ಜು ಮಾಡಿದ ಮೇಲೆಯೇ ಆತ ಹೈಡ್ರೋಮೀಟರು ಇಳಿಸಿದ್ದು. ನೀರು ಕಡಿಮೆಯಿದ್ದಾಗ ಅಳೆದರೆ ಅಂಕಿ ಸುಳ್ಳೇ ಏರಿರುತ್ತದೆ. ನೀರು ಹಾಕಿದ ಕೂಡಲೇ ಅಳೆದರೆ ಸುಳ್ಳೇ ಇಳಿದಿರುತ್ತದೆ. ಪೂರ್ಣ ತುಂಬಿದ ಇಂಥ ಬ್ಯಾಟರಿಯ ದ್ರವದ ಸಾಪೇಕ್ಷ ಸಾಂದ್ರತೆ 1.240ರ ಆಸುಪಾಸು ಇರಬೇಕು. ಇನ್ವರ್ಟರಿನ ದೀಪ 'ತುಂಬಿದೆ' ಎನ್ನುತ್ತಿತ್ತು. ಗಾಜಿನ ಕೊಳವೆ ಎಲ್ಲ ಕೋಶಗಳಲ್ಲೂ 1.160ರ ಸುತ್ತ ತೋರಿಸುತ್ತಿತ್ತು. ಈ ಎರಡು ಸಾಕ್ಷಿಗಳ ವಿರೋಧವೇ ಸಲ್ಫೇಶನ್ನಿನ ಗುರುತು.

ಬ್ಯಾಟರಿ ಬರಿದಾಗುವಾಗ ಗಂಧಕಾಮ್ಲವು ಸೀಸದ ಫಲಕಗಳೊಡನೆ ಕೂಡಿ ನುಣುಪಾದ ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜಿನಲ್ಲಿ ಮತ್ತೆ ಕರಗಿ ಆಮ್ಲವಾಗುತ್ತದೆ. ಅರೆತುಂಬಿದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಇಟ್ಟರೆ, ಹಳೆಯ ಜೇನುತುಪ್ಪ ಹರಳುಗಟ್ಟುವಂತೆ, ಈ ಸಲ್ಫೇಟ್ ದಪ್ಪ ಹರಳಾಗಿ ಫಲಕದ ರಂಧ್ರಗಳನ್ನು ಮುಚ್ಚುತ್ತದೆ. ಒಳಗಿನ ತಡೆ ಹೆಚ್ಚುವುದರಿಂದ ವೋಲ್ಟೇಜು ಬೇಗ ಏರಿ, ಚಾರ್ಜರು ಮೋಸಹೋಗಿ ಪ್ರವಾಹವನ್ನು ಕುಗ್ಗಿಸುತ್ತದೆ. ನಿಧಾನವಾಗಿ ತುಂಬುವುದೂ ಬೇಗ ಮುಗಿಯುವುದೂ ಒಂದೇ ರೋಗದ ಎರಡು ಮುಖಗಳು. ನಮ್ಮ ಮನೆಯಲ್ಲಿ ಇದಕ್ಕೆ ಮೂಲ ಆ ಮಾಳಿಗೆಯ ಹೊರೆಯೇ. ಚಾರ್ಜರು 15 ಆಂಪಿಯರಿನದು; ಪೂರ್ತಿ ಬರಿದಾದುದನ್ನು ತುಂಬಲು ಅದಕ್ಕೆ ಹನ್ನೆರಡು ಗಂಟೆಯಾದರೂ ಬೇಕು. ಅಷ್ಟರೊಳಗೆ ಕರೆಂಟು ಮತ್ತೆ ಹೋಗುತ್ತಿತ್ತು.

ಆತ ಬ್ಯಾಟರಿಯನ್ನು ಸವದತ್ತಿಗೊಯ್ದು, ಗಾಳಿಯಾಡುವ ಕಡೆ ಇಟ್ಟು, 5 ಆಂಪಿಯರಿನಷ್ಟು ಸಣ್ಣ ಪ್ರವಾಹದಲ್ಲಿ ಎರಡು ದಿನ ಚಾರ್ಜು ಮಾಡಿದ. ಇದನ್ನು ಮನೆಯಲ್ಲಿ ಮಾಡಹೋಗಬಾರದು: ಆಗ ಹೊರಡುವ ಜಲಜನಕಕ್ಕೆ ಒಂದು ಕಿಡಿ ತಗುಲಿದರೆ ಸಾಕು, ಸಿಡಿಯುತ್ತದೆ. ಐದು ಕೋಶಗಳು 1.230ಕ್ಕೆ ಏರಿದವು, ಆರನೆಯದು 1.200ರಲ್ಲೇ ನಿಂತಿತು. ಹಳೆಯ ದಪ್ಪ ಹರಳು ಪೂರ್ತಿ ಕರಗುವುದಿಲ್ಲ. ಒಂದೇ ಕೋಶ 1.120ರಂಥ ಅಂಕಿಯಲ್ಲಿ ಹಿಂದುಳಿದು, ಉಳಿದವು ತುಂಬಿದ್ದರೆ, ಆಗ ಹುಡುಗನ ಮಾತೇ ಸರಿಯಾಗುತ್ತಿತ್ತು.

ಮಾಳಿಗೆಯ ತಂತಿಯನ್ನು ಬೇರ್ಪಡಿಸಿದ ಮೇಲೆ 300 ವ್ಯಾಟಿನ ಹೊರೆ ಎರಡೂವರೆ ಗಂಟೆ ನಡೆಯುತ್ತಿದೆ. ನಾಲ್ಕು ಗಂಟೆಯೇನೂ ಮರಳಿಲ್ಲ. ಮೊಮ್ಮಗ ಮುನಿಸಿಕೊಂಡಿದ್ದಾನೆ. ಆ ಆರನೆಯ ಕೋಶವನ್ನು ತಿಂಗಳಿಗೊಮ್ಮೆ ನಾನೇ ಅಳೆದು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕುತ್ತೇನೆ. ಕಳೆದ ತಿಂಗಳು 1.195 ಇತ್ತು.